ಅಂಗಡಿಯ ವೆಬ್‌ಸೈಟ್: ಡೆವಲಪರ್ ಬರೆದುಕೊಡಬೇಕಾದ ಹಸ್ತಾಂತರ ಟಿಪ್ಪಣಿ

ಅಂಗಡಿಗೊಂದು ಆನ್‌ಲೈನ್ ಮಳಿಗೆ ಕಟ್ಟಿಕೊಟ್ಟ ಡೆವಲಪರ್, ಕೆಲಸ ಮುಗಿಸಿ ಹೊರಡುವಾಗ ಮಾಲೀಕರ ಕೈಗೆ ಕೊಡುವ ನಾಲ್ಕೈದು ಪುಟಗಳ ಬರಹಕ್ಕೆ ಹಸ್ತಾಂತರ ಟಿಪ್ಪಣಿ ಎನ್ನುತ್ತಾರೆ. ಯಾವ ಖಾತೆ ಎಲ್ಲಿದೆ, ಅದರೊಳಗೆ ಹೋಗುವುದು ಹೇಗೆ, ಏನನ್ನು ಯಾವಾಗ ಅಪ್‌ಡೇಟ್ ಮಾಡಬೇಕು, ಸೈಟ್ ನಿಂತುಹೋದರೆ ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಡೆವಲಪರ್ ಫೋನ್ ಎತ್ತದ ದಿನವೂ ಅಂಗಡಿಯ ವ್ಯಾಪಾರ ನಡೆಯಬೇಕು ಎಂಬುದೊಂದೇ ಅದರ ಉದ್ದೇಶ. ಡೆವಲಪರ್ ಬೇರೆ ಕೆಲಸಕ್ಕೆ ಸೇರಿರಬಹುದು, ಬೇರೆ ದೇಶಕ್ಕೆ ಹೋಗಿರಬಹುದು, ಹುಷಾರಿಲ್ಲದೆ ಮಲಗಿರಬಹುದು. ಅಂಥ ದಿನ ಮಾಲೀಕರ ಹತ್ತಿರ ಉಳಿಯುವುದು ಈ ಬರಹ ಮಾತ್ರ.

ಚಿಕ್ಕಮಗಳೂರಿನಲ್ಲಿ ಕಾಫಿ ಪುಡಿ ಮಾರುವ ಒಂದು ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಬೀಜ ಹುರಿದು, ಚಿಕೋರಿ ಬೆರೆಸಿ, ಪ್ಯಾಕ್ ಮಾಡಿ ಬೆಂಗಳೂರು, ಮುಂಬೈಗಳಿಗೆ ಕಳಿಸುವ ವ್ಯಾಪಾರ. ಸೈಟ್ ಕಟ್ಟಿರುವುದು ವರ್ಡ್‌ಪ್ರೆಸ್ ಮೇಲೆ, ಮಾರಾಟದ ಭಾಗವನ್ನು ನೋಡಿಕೊಳ್ಳುವುದು ವೂಕಾಮರ್ಸ್ ಎಂಬ ಪ್ಲಗಿನ್. ಸಣ್ಣ ಅಂಗಡಿಗಳಲ್ಲಿ ಈ ಜೋಡಿ ಬಹಳ ಸಾಮಾನ್ಯ. ಇಂಥ ಸೈಟ್ ಹೊರಗಿನಿಂದ ಒಂದೇ ವಸ್ತುವಿನಂತೆ ಕಂಡರೂ ಒಳಗೆ ನಾಲ್ಕು ಬೇರೆ ಬೇರೆ ಖಾತೆಗಳ ಮೇಲೆ ನಿಂತಿರುತ್ತದೆ. ಮೊದಲನೆಯದು ಡೊಮೇನ್, ಅಂದರೆ ಗಿರಾಕಿ ಟೈಪ್ ಮಾಡುವ ವಿಳಾಸ. ಇದನ್ನು ರಿಜಿಸ್ಟ್ರಾರ್ ಎಂಬ ಕಂಪನಿಯಲ್ಲಿ ವರ್ಷದ ಲೆಕ್ಕಕ್ಕೆ ಕೊಂಡಿರುತ್ತಾರೆ. ಎರಡನೆಯದು ಹೋಸ್ಟಿಂಗ್, ಸೈಟಿನ ಫೈಲುಗಳು ಕೂತಿರುವ ಬಾಡಿಗೆ ಜಾಗ. ಮೂರನೆಯದು ವರ್ಡ್‌ಪ್ರೆಸ್ಸಿನ ಅಡ್ಮಿನ್ ಖಾತೆ. ಬೆಲೆ ಬದಲಿಸುವುದು, ಆರ್ಡರ್ ನೋಡುವುದು ಇಲ್ಲಿ. ನಾಲ್ಕನೆಯದು ಪೇಮೆಂಟ್ ಗೇಟ್‌ವೇ, ಗಿರಾಕಿಯ ದುಡ್ಡು ಅಂಗಡಿಯ ಬ್ಯಾಂಕ್ ಖಾತೆಗೆ ಬರುವ ದಾರಿ.

ಟಿಪ್ಪಣಿ ಬರೆಯಲು ಕೂತ ಡೆವಲಪರ್ ಮೊದಲು ಪಾಸ್‌ವರ್ಡ್‌ಗಳ ಪಟ್ಟಿ ಮಾಡಲು ಹೊರಡುವುದುಂಟು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಈ ನಾಲ್ಕೂ ಯಾರ ಹೆಸರಿನಲ್ಲಿವೆ? ಪೇಮೆಂಟ್ ಗೇಟ್‌ವೇಗೆ ಪ್ಯಾನ್ ಮತ್ತು ಬ್ಯಾಂಕ್ ಖಾತೆ ಬೇಕಾದ್ದರಿಂದ ಅದು ಸಾಮಾನ್ಯವಾಗಿ ಮಾಲೀಕರ ಹೆಸರಲ್ಲೇ ಇರುತ್ತದೆ. ಎಡವಟ್ಟಾಗುವುದು ಡೊಮೇನ್ ಮತ್ತು ಹೋಸ್ಟಿಂಗ್‌ನಲ್ಲಿ. ಕೆಲಸದ ಅವಸರದಲ್ಲಿ ಡೆವಲಪರ್ ತನ್ನದೇ ಖಾತೆಯಿಂದ, ತನ್ನದೇ ಇಮೇಲ್ ಕೊಟ್ಟು ಡೊಮೇನ್ ಕೊಂಡಿರುತ್ತಾನೆ. ಮೋಸ ಮಾಡುವ ಯೋಚನೆ ಅವನಿಗೆ ಇರುವುದಿಲ್ಲ. ಆದರೆ ರಿಜಿಸ್ಟ್ರಾರ್‌ನ ದಾಖಲೆಯಲ್ಲಿ ಯಾರ ಹೆಸರಿದೆಯೋ ಡೊಮೇನ್ ಅವರದು. ಅಂಗಡಿಯ ಬೋರ್ಡು, ಬಿಲ್ಲು, ಜಿಎಸ್‌ಟಿ ನೋಂದಣಿ ಎಲ್ಲ ಮಾಲೀಕರದಾಗಿದ್ದರೂ ಆ ವಿಳಾಸ ಇನ್ನೊಬ್ಬರ ಸ್ವತ್ತಾಗಿ ಕೂತಿರುತ್ತದೆ. ಆದ್ದರಿಂದ ಟಿಪ್ಪಣಿ ಬರೆಯುವ ಮುಂಚೆಯೇ ಮಾಲೀಕರ ಹೆಸರಿನಲ್ಲಿ ರಿಜಿಸ್ಟ್ರಾರ್ ಖಾತೆ ತೆರೆದು ಡೊಮೇನನ್ನು ಅಲ್ಲಿಗೆ ವರ್ಗಾಯಿಸಬೇಕು. ಒಂದೇ ರಿಜಿಸ್ಟ್ರಾರ್‌ನೊಳಗೆ ಖಾತೆಯಿಂದ ಖಾತೆಗೆ ಸಾಗಿಸುವುದು ಸುಲಭ. ಬೇರೆ ರಿಜಿಸ್ಟ್ರಾರ್‌ಗೆ ಒಯ್ಯುವುದಾದರೆ ಆಥ್ ಕೋಡ್ ಎಂಬ ಗುಟ್ಟಿನ ಸಂಖ್ಯೆ ಬೇಕು. ಜತೆಗೆ .com ನಂಥ ಡೊಮೇನುಗಳನ್ನು ಹೊಸದಾಗಿ ಕೊಂಡ 60 ದಿನಗಳೊಳಗೆ ಹಾಗೆ ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಹೀಗಾಗಿ ಇದು ಕೊನೆಯ ದಿನಕ್ಕೆ ಇಟ್ಟುಕೊಳ್ಳುವ ಕೆಲಸವಲ್ಲ.

ನಾಲ್ಕು ಖಾತೆಗಳ ಮೇಲೆ ಐದನೆಯದೊಂದು ಇದೆ, ಅದು ಇಮೇಲ್. ಯಾವ ಪಾಸ್‌ವರ್ಡ್ ಮರೆತರೂ ಹೊಸದು ಹೊಂದಿಸುವ ಲಿಂಕ್ ಬರುವುದು ಇಮೇಲ್‌ಗೆ. ಹಾಗಾಗಿ ಆ ಅಂಚೆಪೆಟ್ಟಿಗೆ ಯಾರ ಕೈಯಲ್ಲಿದೆಯೋ ಉಳಿದ ನಾಲ್ಕೂ ಅವರ ಕೈಯಲ್ಲಿದ್ದಂತೆ. ಇಲ್ಲಿ ಸುಲಭವಾಗಿ ಕಣ್ತಪ್ಪುವ ಒಂದು ಸಂಗತಿಯಿದೆ. ಅಂಗಡಿಯ ಸ್ವಂತ ಡೊಮೇನಿನದೇ ಇಮೇಲನ್ನು ರಿಜಿಸ್ಟ್ರಾರ್ ಖಾತೆಗೂ ಕೊಟ್ಟಿದ್ದರೆ, ಡೊಮೇನಿನ ಅವಧಿ ಮುಗಿದ ದಿನ ಆ ಇಮೇಲೂ ನಿಲ್ಲುತ್ತದೆ. ರಿನ್ಯೂ ಮಾಡಲು ಲಾಗಿನ್ ಆಗಬೇಕು, ಲಾಗಿನ್‌ಗೆ ಬೇಕಾದ ಸಂದೇಶ ಬರುವ ಪೆಟ್ಟಿಗೆಯೇ ಮುಚ್ಚಿಹೋಗಿದೆ ಎಂಬ ಪರಿಸ್ಥಿತಿ. ಬೀಗದ ಕೈಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡಂತೆ ಇದು. ರಿಜಿಸ್ಟ್ರಾರ್ ಖಾತೆಗೆ ಮಾತ್ರ ಡೊಮೇನಿಗೆ ಸಂಬಂಧಪಡದ, ಮಾಲೀಕರು ದಿನವೂ ನೋಡುವ ಬೇರೆ ಇಮೇಲ್ ಕೊಡಬೇಕು.

ಓಟಿಪಿಯ ವಿಚಾರವೂ ಹೀಗೆಯೇ. ಪಾಸ್‌ವರ್ಡ್ ಕೈಗೆ ಬಂದರೂ ಓಟಿಪಿ ಡೆವಲಪರ್‌ನ ಮೊಬೈಲಿಗೆ ಹೋಗುತ್ತಿದ್ದರೆ ಹಸ್ತಾಂತರ ಆಗಿಲ್ಲವೆಂದೇ ಅರ್ಥ. ನಾಲ್ಕೂ ಖಾತೆಗಳಲ್ಲಿ ನಂಬರ್ ಬದಲಿಸಬೇಕು. ಆ ನಂಬರ್ ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗನದೂ ಆಗಿರಬಾರದು. ಬಳಕೆಯಿಲ್ಲದೆ ಬಂದ್ ಆದ ಮೊಬೈಲ್ ನಂಬರನ್ನು ಭಾರತದಲ್ಲಿ 90 ದಿನಗಳ ನಂತರ ಬೇರೆಯವರಿಗೆ ಕೊಡಬಹುದು. ಹುಡುಗ ಕೆಲಸ ಬಿಟ್ಟು ಸಿಮ್ ಬದಲಿಸಿದರೆ ಅಂಗಡಿಯ ಓಟಿಪಿ ಯಾರೋ ಅಪರಿಚಿತರ ಫೋನಿನಲ್ಲಿ ಬಡಿಯುತ್ತದೆ. ಓಟಿಪಿಯ ಬದಲು ಫೋನಿನ ಆಥೆಂಟಿಕೇಟರ್ ಆ್ಯಪ್ ಬಳಸಿದ್ದರೆ 30 ಸೆಕೆಂಡಿಗೊಮ್ಮೆ ಬದಲಾಗುವ ಆರು ಅಂಕಿಗಳು ಅದರಲ್ಲಿ ಕಾಣುತ್ತವೆ. ಫೋನ್ ಕಳೆದರೆ ಅದೂ ಹೋಗುತ್ತದೆ. ಅದಕ್ಕೆಂದೇ ಹೆಚ್ಚಿನ ಸೇವೆಗಳು ಬ್ಯಾಕಪ್ ಕೋಡ್‌ಗಳನ್ನು ಕೊಡುತ್ತವೆ. ಒಂದೊಂದನ್ನೂ ಒಮ್ಮೆ ಮಾತ್ರ ಬಳಸಬಹುದು. ಅವುಗಳನ್ನು ಕಾಗದದ ಮೇಲೆ ಮುದ್ರಿಸಿ ಮನೆಪತ್ರದ ಜತೆ ಬೀರುವಿನಲ್ಲಿಡುವುದು ಇವತ್ತಿಗೂ ಒಳ್ಳೆಯ ಕ್ರಮ.

ಹಾಗಾದರೆ ಟಿಪ್ಪಣಿಯಲ್ಲಿ ಪಾಸ್‌ವರ್ಡ್ ಬರೆಯಬೇಕೆ? ಬೇಡ. ಟಿಪ್ಪಣಿ ವಾಟ್ಸ್‌ಆ್ಯಪ್‌ನಲ್ಲಿ ಹೋಗುತ್ತದೆ, ಝೆರಾಕ್ಸ್ ಆಗುತ್ತದೆ, ಮುಂದೆ ಬರುವ ಡೆವಲಪರ್ ಕೈಗೂ ಸೇರುತ್ತದೆ. ಟಿಪ್ಪಣಿಯಲ್ಲಿರಬೇಕಾದ್ದು ಖಾತೆಯ ವಿಳಾಸ, ಬಳಕೆದಾರರ ಹೆಸರು, ಓಟಿಪಿ ಹೋಗುವ ನಂಬರ್, ಹಣ ಕಟ್ಟಬೇಕಾದ ದಿನ. ಪಾಸ್‌ವರ್ಡ್‌ಗಳು ಬಿಟ್‌ವಾರ್ಡನ್ ಅಥವಾ ಕೀಪಾಸ್‌ನಂಥ ಪಾಸ್‌ವರ್ಡ್ ಮ್ಯಾನೇಜರಿನಲ್ಲಿರಬೇಕು. ಅದು ಒಗ್ಗದ ಮಾಲೀಕರು ಒಂದು ನೋಟ್‌ಪುಸ್ತಕದಲ್ಲಿ ಬರೆದು ಬೀಗ ಹಾಕಿಟ್ಟರೂ ಸರಿಯೇ, ವಾಟ್ಸ್‌ಆ್ಯಪ್‌ಗಿಂತ ಅದು ಎಷ್ಟೋ ಮೇಲು. ಕಾಫಿ ಅಂಗಡಿಯ ಟಿಪ್ಪಣಿಯಲ್ಲಿ ಡೊಮೇನಿನ ಭಾಗ ಹೀಗಿದ್ದರೆ ಸಾಕು:

“ಸರ್, ಡೊಮೇನ್ ಈಗ ನಿಮ್ಮ ಹೆಸರಲ್ಲಿದೆ. ಓಟಿಪಿ ನಿಮ್ಮ ಫೋನಿಗೇ ಬರುತ್ತದೆ. ಪ್ರತಿ ವರ್ಷ ಜುಲೈ 14ಕ್ಕೆ ಅವಧಿ ಮುಗಿಯುತ್ತದೆ. ಆಟೋ ರಿನ್ಯೂವಲ್ ಹಾಕಿದ್ದೇನೆ, ಆದರೆ ಕಾರ್ಡ್ ಬದಲಾದರೆ ದುಡ್ಡು ಕಟ್ ಆಗುವುದಿಲ್ಲ. ಜೂನ್ ಕೊನೆಯಲ್ಲಿ ನೀವೇ ಒಮ್ಮೆ ಒಳಗೆ ಹೋಗಿ ನೋಡಿ. ‘ನಿಮ್ಮ ಡೊಮೇನ್ ಮುಗಿಯುತ್ತಿದೆ, ತಕ್ಷಣ ಹಣ ಕಟ್ಟಿ’ ಎಂದು ಬೇರೆ ಕಂಪನಿಗಳಿಂದ ಮೇಲ್ ಬಂದರೆ ಅದರ ಲಿಂಕ್ ಒತ್ತಬೇಡಿ.”

ಈ ದಿನಾಂಕಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. .com ವಿಳಾಸವೊಂದರ ಅವಧಿ ಜುಲೈ 14ಕ್ಕೆ ಮುಗಿದು ಹಣ ಕಟ್ಟಲಿಲ್ಲವೆಂದರೆ ಅದು ಅವತ್ತೇ ಕೈತಪ್ಪುವುದಿಲ್ಲ. ರಿಜಿಸ್ಟ್ರಾರ್‌ನ ನಿಯಮಕ್ಕೆ ತಕ್ಕಂತೆ ಕೆಲವು ದಿನ, ಹೆಚ್ಚೆಂದರೆ 45 ದಿನ, ಮಾಮೂಲಿ ದರದಲ್ಲೇ ರಿನ್ಯೂ ಮಾಡಬಹುದು. ಆಮೇಲೆ 30 ದಿನಗಳ ಇನ್ನೊಂದು ಅವಧಿ. ಆಗಲೂ ವಾಪಸ್ ಪಡೆಯಬಹುದು, ಆದರೆ ದಂಡದಂತೆ ದೊಡ್ಡ ಮೊತ್ತ ತೆರಬೇಕು. ಅದೂ ಕಳೆದರೆ ಐದು ದಿನ ಯಾರಿಂದಲೂ ಏನೂ ಮಾಡಲಾಗದು, ನಂತರ ಹೆಸರು ಮತ್ತೆ ಮಾರುಕಟ್ಟೆಗೆ ಬರುತ್ತದೆ. ಆಗ ಯಾರು ಬೇಕಾದರೂ ಕೊಳ್ಳಬಹುದು. ಮೊದಲ ದಿನಗಳಲ್ಲೇ ಇದನ್ನು ಗುರುತಿಸಲು ಒಂದು ಲಕ್ಷಣವಿದೆ: ಸೈಟ್ ತೆರೆದರೆ ಅಂಗಡಿಯ ಬದಲು ಜಾಹೀರಾತುಗಳ ಪುಟ ಬರುತ್ತದೆ, ಅದೇ ಹೊತ್ತಿಗೆ ಅಂಗಡಿಯ ಇಮೇಲೂ ನಿಲ್ಲುತ್ತದೆ. ಇವೆರಡೂ ಒಟ್ಟಿಗೆ ಕಂಡರೆ ಬೇರೆ ಕಡೆ ಹುಡುಕುವುದು ಬೇಡ, ನೇರ ರಿಜಿಸ್ಟ್ರಾರ್ ಖಾತೆಗೆ ಹೋಗಬೇಕು.

ಟಿಪ್ಪಣಿಯ ಎರಡನೆಯ ಭಾಗ ಅಪ್‌ಡೇಟ್‌ಗಳದ್ದು. ವರ್ಡ್‌ಪ್ರೆಸ್ಸಿನ ಸಣ್ಣ ಭದ್ರತಾ ಅಪ್‌ಡೇಟ್‌ಗಳು 2013ರಿಂದಲೂ ತಾವಾಗಿಯೇ ಆಗುತ್ತವೆ. ಪ್ಲಗಿನ್‌ಗಳು ಹಾಗಲ್ಲ, ಅವುಗಳಿಗೆ ಯಾರಾದರೂ ಒತ್ತಬೇಕು ಅಥವಾ ಒಂದೊಂದಕ್ಕೂ ಆಟೋ ಅಪ್‌ಡೇಟ್ ಚಾಲೂ ಮಾಡಬೇಕು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಸಂಖ್ಯೆ ಕಂಡ ಮಾಲೀಕರಲ್ಲಿ ಎರಡು ಬಗೆ. ಕೆಲವರು ತಕ್ಷಣ ಎಲ್ಲವನ್ನೂ ಒತ್ತಿಬಿಡುತ್ತಾರೆ, ಕೆಲವರು ವರ್ಷಗಟ್ಟಲೆ ಮುಟ್ಟುವುದೇ ಇಲ್ಲ. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಹಳೆಯ ಪ್ಲಗಿನ್‌ನ ದೋಷ ಬಹಿರಂಗವಾದ ಮೇಲೆ ಅದೇ ದೋಷವಿರುವ ಸೈಟುಗಳನ್ನು ಯಂತ್ರಗಳೇ ಹುಡುಕಿ ನುಗ್ಗುತ್ತವೆ. ಸಣ್ಣ ಅಂಗಡಿ ಎಂಬ ರಿಯಾಯಿತಿ ಅಲ್ಲಿ ಸಿಗುವುದಿಲ್ಲ.

ಆದ್ದರಿಂದ ಟಿಪ್ಪಣಿ ಒಂದು ದಿನವನ್ನೂ ಒಂದು ಕ್ರಮವನ್ನೂ ಗೊತ್ತು ಮಾಡಬೇಕು. ಕಾಫಿ ಅಂಗಡಿಗೆ ಹದಿನೈದು ದಿನಕ್ಕೊಮ್ಮೆ ಮಂಗಳವಾರ ಬೆಳಿಗ್ಗೆ ಎಂದಿಟ್ಟುಕೊಳ್ಳಬಹುದು. ಆರ್ಡರ್ ಕಡಿಮೆ ಇರುವ ಹೊತ್ತು, ಏನಾದರೂ ಕೆಟ್ಟರೆ ಇಡೀ ದಿನ ಕೈಯಲ್ಲಿರುತ್ತದೆ. ಶನಿವಾರ ಸಂಜೆ, ದೀಪಾವಳಿಯ ವಾರ ಯಾವ ಅಪ್‌ಡೇಟೂ ಬೇಡ. ಭದ್ರತೆಯ ತುರ್ತು ಅಪ್‌ಡೇಟ್ ಮಾತ್ರ ಇದಕ್ಕೆ ಹೊರತು. ಮೊದಲು ಬ್ಯಾಕಪ್. ಸೈಟಿನಲ್ಲಿ ಎರಡು ಭಾಗಗಳಿರುವುದರಿಂದ ಬ್ಯಾಕಪ್‌ನಲ್ಲಿ ಎರಡೂ ಇರಬೇಕು: ಚಿತ್ರ, ವಿನ್ಯಾಸಗಳ ಫೈಲುಗಳು ಒಂದು, ಆರ್ಡರ್ ಮತ್ತು ಗಿರಾಕಿಗಳ ವಿವರವಿರುವ ಡೇಟಾಬೇಸ್ ಇನ್ನೊಂದು. ಫೈಲುಗಳನ್ನಷ್ಟೇ ಉಳಿಸಿಕೊಂಡವರಿಗೆ ಸೈಟಿನ ಚಿತ್ರಗಳು ಸಿಗುತ್ತವೆ, ಒಂದು ಆರ್ಡರೂ ಸಿಗುವುದಿಲ್ಲ. ಬ್ಯಾಕಪ್ ಅದೇ ಹೋಸ್ಟಿಂಗ್‌ನಲ್ಲಿ ಕೂತಿದ್ದರೆ ಮನೆಗೆ ಬೆಂಕಿ ಬಿದ್ದಾಗ ಅದೇ ಮನೆಯ ಅಟ್ಟದಲ್ಲಿಟ್ಟ ಗಂಟಿನಂತಾಗುತ್ತದೆ, ಆದ್ದರಿಂದ ಒಂದು ಪ್ರತಿ ಹೊರಗೆ ಇರಬೇಕು. ಆಮೇಲೆ ಪ್ಲಗಿನ್‌ಗಳನ್ನು ಒಂದೊಂದಾಗಿ ಅಪ್‌ಡೇಟ್ ಮಾಡಬೇಕು. ಎಲ್ಲವನ್ನೂ ಒಮ್ಮೆಲೇ ಮಾಡಿದರೆ ಕೆಡಿಸಿದ್ದು ಯಾವುದೆಂದು ಗೊತ್ತಾಗದು.

ಅಪ್‌ಡೇಟ್ ಮುಗಿದ ಮೇಲಿನ ಪರೀಕ್ಷೆಯೇ ಬಹಳ ಮುಖ್ಯ, ಹೆಚ್ಚಿನ ಟಿಪ್ಪಣಿಗಳು ಬಿಟ್ಟುಬಿಡುವುದೂ ಇದನ್ನೇ. ಮುಖಪುಟ ಚೆನ್ನಾಗಿ ತೆರೆದುಕೊಂಡಿತು ಎಂಬುದರಿಂದ ಏನೂ ಸಾಬೀತಾಗುವುದಿಲ್ಲ. ಮುಖಪುಟ ಸರಿಯಿದ್ದು ಹಣ ಕಟ್ಟುವ ಪುಟ ಮಾತ್ರ ಕೆಟ್ಟಿರಬಹುದು, ಆಗ ಅಂಗಡಿಗೆ ಅದರ ಸುಳಿವು ಸಿಗುವುದು ಎರಡು ದಿನ ಆರ್ಡರೇ ಬರದಿದ್ದಾಗ. ಹಾಗಾಗಿ ಗಿರಾಕಿಗಳಿಗೆ ಕಾಣದಂತೆ 10 ರೂಪಾಯಿಯ ಒಂದು ಪರೀಕ್ಷಾ ಸರಕನ್ನು ಡೆವಲಪರ್ ಮೊದಲೇ ಸೇರಿಸಿಡಬೇಕು. ಮಾಲೀಕರು ಅದನ್ನು ಫೋನಿನಿಂದ ನಿಜವಾದ ಗಿರಾಕಿಯಂತೆ ಕೊಂಡು ಮೂರು ಕಡೆ ನೋಡಬೇಕು: ಗೇಟ್‌ವೇಯಲ್ಲಿ 10 ರೂಪಾಯಿ ಬಂದಿದೆಯೆ, ವೂಕಾಮರ್ಸ್‌ನಲ್ಲಿ ಆರ್ಡರ್ `Processing` ಎಂದು ತೋರಿಸುತ್ತಿದೆಯೆ, ಆರ್ಡರ್ ಇಮೇಲ್ ಬಂತೆ. ಹಣ ಬಂದಿದ್ದರೂ ಆರ್ಡರ್ `Pending payment` ಎಂದೇ ನಿಂತಿದ್ದರೆ, ಗೇಟ್‌ವೇ ಸೈಟಿಗೆ ಕಳಿಸುವ ‘ಹಣ ಬಂತು’ ಎಂಬ ಸಂದೇಶ ತಲುಪುತ್ತಿಲ್ಲವೆಂದು ಅರ್ಥ. ದಾಸ್ತಾನಿನ ಲೆಕ್ಕ ಚಾಲೂ ಇರುವ ಮಳಿಗೆಯಲ್ಲಿ ಹಣ ಬಾರದ ಆರ್ಡರನ್ನು ವೂಕಾಮರ್ಸ್ 60 ನಿಮಿಷದ ನಂತರ ತಾನೇ ರದ್ದು ಮಾಡುತ್ತದೆ, ಯಾರೂ ಆ ಸಮಯವನ್ನು ಬದಲಿಸಿಲ್ಲದಿದ್ದರೆ. ಅಂದರೆ ಗಿರಾಕಿಯ ದುಡ್ಡು ಅಂಗಡಿಗೆ ಬಂದಿದೆ, ಆರ್ಡರ್ ಮಾತ್ರ ರದ್ದಾಗಿದೆ. ಅಂಗಡಿಯ ಹೆಸರು ಕೆಡಲು ಇಷ್ಟು ಸಾಕು.

ಮೂರನೆಯ ಭಾಗ ತುರ್ತು ಸಂಪರ್ಕ. ಇಲ್ಲಿ ಬರೀ ಫೋನ್ ನಂಬರುಗಳ ಸಾಲು ಬರೆದರೆ ಉಪಯೋಗ ಕಡಿಮೆ. ಗಾಬರಿಯಲ್ಲಿರುವ ಮಾಲೀಕರು ಎಲ್ಲರಿಗೂ ಒಂದೇ ಮಾತು ಹೇಳುತ್ತಾರೆ, ‘ಸೈಟ್ ಓಪನ್ ಆಗ್ತಿಲ್ಲ.’ ಹೋಸ್ಟಿಂಗ್‌ನವರು ಡೊಮೇನ್ ನೋಡಿ ಎನ್ನುತ್ತಾರೆ, ಡೊಮೇನಿನವರು ಹೋಸ್ಟಿಂಗ್ ಕೇಳಿ ಎನ್ನುತ್ತಾರೆ. ಪರದೆಯ ಮೇಲೆ ಬಂದ ವಾಕ್ಯವನ್ನು ಓದಿದರೆ ಯಾರಿಗೆ ಫೋನ್ ಮಾಡಬೇಕೆಂಬುದು ಅದರಲ್ಲೇ ಇರುತ್ತದೆ. ಆದ್ದರಿಂದ ಟಿಪ್ಪಣಿಯಲ್ಲಿ ಪರದೆಯ ವಾಕ್ಯ, ಅದರ ಪಕ್ಕದಲ್ಲಿ ಕರೆಯಬೇಕಾದವರು ಎಂದು ಬರೆಯಬೇಕು. `DNS_PROBE_FINISHED_NXDOMAIN` ಎಂದು ಬಂದರೆ ತೊಂದರೆ ವಿಳಾಸದ್ದು, ರಿಜಿಸ್ಟ್ರಾರ್‌ಗೆ ಕರೆ ಮಾಡಬೇಕು. `Error establishing a database connection` ಎಂದಿದ್ದರೆ ಹೋಸ್ಟಿಂಗ್‌ನವರಿಗೆ. `NET::ERR_CERT_DATE_INVALID` ಕಂಡರೆ ಸೈಟಿನ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದಿರುವ ಸಂಭವ ಹೆಚ್ಚು. ಉಚಿತವಾಗಿ ಸಿಗುವ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ಸಾಮಾನ್ಯವಾಗಿ 90 ದಿನದ್ದು, ತಾನಾಗಿ ನವೀಕರಣವಾಗಬೇಕಾದ್ದು ಎಲ್ಲೋ ತಪ್ಪಿರುತ್ತದೆ. ಇದಕ್ಕೂ ಹೋಸ್ಟಿಂಗ್‌ನವರೇ. `Briefly unavailable for scheduled maintenance` ಎಂದಿದ್ದರೆ ಅಪ್‌ಡೇಟ್ ಅರ್ಧಕ್ಕೆ ನಿಂತಿದೆ. ಹತ್ತು ನಿಮಿಷ ಕಾದರೆ ಈ ಬರಹ ಸಾಮಾನ್ಯವಾಗಿ ತಾನೇ ಹೋಗುತ್ತದೆ. ಆದರೆ ಅರ್ಧವಾದ ಅಪ್‌ಡೇಟನ್ನು ಮತ್ತೆ ಪೂರ್ತಿ ಮಾಡಬೇಕು.

ಇವೆಲ್ಲಕ್ಕಿಂತ ಹೆಚ್ಚು ಕೈಕೊಡುವುದು `There has been a critical error on this website` ಎಂಬ ವಾಕ್ಯ. ಕಾಫಿ ಅಂಗಡಿಯಲ್ಲಿ ಮಂಗಳವಾರ ಕೊರಿಯರ್ ದರ ಲೆಕ್ಕ ಹಾಕುವ ಪ್ಲಗಿನ್ ಅಪ್‌ಡೇಟ್ ಮಾಡಿದೊಡನೆ ಇದು ಬಂತು ಎಂದುಕೊಳ್ಳೋಣ. ಡೆವಲಪರ್ ಫೋನ್ ಸ್ವಿಚ್ ಆಫ್. 2019ರಲ್ಲಿ ಬಂದ 5.2ನೇ ಆವೃತ್ತಿಯಿಂದ ವರ್ಡ್‌ಪ್ರೆಸ್ಸಿನಲ್ಲಿ ಇದಕ್ಕೊಂದು ದಾರಿ ಇದೆ. ಇಂಥ ದೋಷ ಕಂಡರೆ ಅದು ಅಡ್ಮಿನ್ ಇಮೇಲ್‌ಗೆ ಒಂದು ಲಿಂಕ್ ಕಳಿಸುತ್ತದೆ, ಅದನ್ನು ಒತ್ತಿದರೆ ಕೆಟ್ಟ ಪ್ಲಗಿನ್ನನ್ನು ಬದಿಗಿಟ್ಟು ಡ್ಯಾಶ್‌ಬೋರ್ಡ್ ತೆರೆಯುತ್ತದೆ. ಆದರೆ ದೋಷ ಗಿರಾಕಿಗಳ ಪುಟದಲ್ಲಷ್ಟೇ ಕಂಡಿದ್ದರೆ ಆ ಮೇಲ್ ಹೋಗುವುದಿಲ್ಲ. ಮಾಲೀಕರು ಒಮ್ಮೆ `wp-admin` ಪುಟ ತೆರೆಯಲು ಪ್ರಯತ್ನಿಸಿ, ಅಲ್ಲಿಯೂ ಅದೇ ದೋಷ ಎದುರಾದಾಗ ಮೇಲ್ ಹೊರಡುತ್ತದೆ. `wp-admin` ಸರಿಯಾಗಿಯೇ ತೆರೆದುಕೊಂಡರೆ ಮೇಲ್‌ನ ಅಗತ್ಯವೇ ಇಲ್ಲ, ಅಲ್ಲಿಂದಲೇ ಪ್ಲಗಿನ್ ನಿಲ್ಲಿಸಬಹುದು. ಇನ್ನೊಂದು ಮಾತು: ಲಿಂಕ್ ಒತ್ತಿ ಒಳಗೆ ಹೋದವರಿಗೆ ಸೈಟ್ ಸರಿಯಾದಂತೆ ಕಾಣುತ್ತದೆ, ಹೊರಗೆ ಗಿರಾಕಿಗಳಿಗೆ ಇನ್ನೂ ಅದೇ ದೋಷ. ಪ್ಲಗಿನ್ ಪಟ್ಟಿಗೆ ಹೋಗಿ ಅದನ್ನು `Deactivate` ಮಾಡಿದ ಮೇಲೆಯೇ ಎಲ್ಲರಿಗೂ ಸೈಟ್ ತೆರೆಯುವುದು.

ಈ ದಾರಿ ನಡೆಯಬೇಕಾದರೆ ಅಡ್ಮಿನ್ ಇಮೇಲ್ ಮಾಲೀಕರದಾಗಿರಬೇಕು. `Settings` ಒಳಗಿನ `General` ಪುಟದಲ್ಲಿ ಹೊಸ ಇಮೇಲ್ ಬರೆದರೆ ಸಾಲದು, ಆ ಹೊಸ ಪೆಟ್ಟಿಗೆಗೆ ಬಂದ ಲಿಂಕ್ ಒತ್ತಿ ಖಚಿತಪಡಿಸುವವರೆಗೂ ಹಳೆಯದೇ ಉಳಿಯುತ್ತದೆ. ಎಷ್ಟೋ ಹಸ್ತಾಂತರಗಳು ಈ ಒಂದು ಲಿಂಕ್‌ನಲ್ಲಿ ಅರ್ಧಕ್ಕೆ ನಿಂತಿರುತ್ತವೆ.

ಮೇಲ್ ಬರಲೇ ಇಲ್ಲವೆಂದರೆ ಕೊನೆಯ ದಾರಿ ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್. ಅಲ್ಲಿ ಆ ಪ್ಲಗಿನ್‌ನ ಫೋಲ್ಡರಿನ ಹೆಸರು ಬದಲಿಸಿದರೆ ವರ್ಡ್‌ಪ್ರೆಸ್ಸಿಗೆ ಅದು ಸಿಗದೆ ತಾನಾಗಿ ನಿಲ್ಲುತ್ತದೆ. ಟಿಪ್ಪಣಿಯಲ್ಲಿ ಆ ಜಾಗವನ್ನು ಹೀಗೆ ತೋರಿಸಬಹುದು:

```
wp-content/plugins/courier-rate
wp-content/plugins/courier-rate-off
```

ಮೇಲಿನ ಹೆಸರನ್ನು ಕೆಳಗಿನದಕ್ಕೆ ಬದಲಿಸಬೇಕು, ಅಷ್ಟೇ. ಕೊರಿಯರ್ ದರ ತಾನಾಗಿ ಬರುವುದಿಲ್ಲವಾದ್ದರಿಂದ ಅಲ್ಲಿಯವರೆಗೆ ಎಲ್ಲ ಆರ್ಡರಿಗೂ ಒಂದೇ ದರ ಹಾಕಿ ವ್ಯಾಪಾರ ಮುಂದುವರಿಸಬಹುದು. ಆ ದರ ಎಷ್ಟು ಎಂಬುದನ್ನೂ ಟಿಪ್ಪಣಿಯಲ್ಲಿ ಮೊದಲೇ ಗೊತ್ತು ಮಾಡಿಟ್ಟರೆ ಒಳ್ಳೆಯದು.

ಕೆಲವು ತೊಂದರೆಗಳಿಗೆ ಕರೆಯ ದಾರಿಯೇ ಬೇರೆ. ಅಂಗಡಿಯ ಖಾತೆಯಿಂದ ಯಾರಾದರೂ ಮೋಸದಿಂದ ಹಣ ಎಳೆದಿದ್ದರೆ ಡೆವಲಪರ್‌ಗಿಂತ ಮೊದಲು ಬ್ಯಾಂಕಿಗೂ 1930 ಎಂಬ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಗೂ ಕರೆ ಹೋಗಬೇಕು. ಹಣ ಮುಂದಿನ ಖಾತೆಗೆ ಹಾರುವ ಮುನ್ನ ತಡೆಯಲು ಇರುವುದು ಸ್ವಲ್ಪವೇ ಹೊತ್ತು. ಸೈಟ್ ಹ್ಯಾಕ್ ಆಗಿದ್ದರೆ ಬ್ಯಾಕಪ್‌ನಿಂದ ಹಳೆಯದನ್ನು ತಂದು ಕೂರಿಸುವ ಆತುರ ಬೇಡ. ನುಗ್ಗಿದ ಬಾಗಿಲು ಆ ಬ್ಯಾಕಪ್‌ನಲ್ಲೂ ತೆರೆದೇ ಇರಬಹುದು. ಮೊದಲು ಹೋಸ್ಟಿಂಗ್‌ನವರಿಗೆ ಹೇಳಿ ಸೈಟನ್ನು ತಾತ್ಕಾಲಿಕವಾಗಿ ಮುಚ್ಚಿಸಿ, ಟಿಪ್ಪಣಿಯಲ್ಲಿ ಹೆಸರಿಸಿದ ಎರಡನೆಯ ಡೆವಲಪರ್‌ಗೆ ತಿಳಿಸಬೇಕು. ಈ ಎರಡನೆಯವರು ಯಾರೆಂಬುದನ್ನು ಮೊದಲನೆಯ ಡೆವಲಪರ್ ಅವರನ್ನು ಕೇಳಿ, ಒಪ್ಪಿಸಿಯೇ ಬರೆದಿರಬೇಕು. ಪ್ರತಿ ಕಂಪನಿಯ ಎದುರು ಅಂಗಡಿಯ ಗ್ರಾಹಕ ಸಂಖ್ಯೆಯೂ ಇರಬೇಕು. ಅದಿಲ್ಲದೆ ಫೋನ್ ಮಾಡಿದರೆ ಅರ್ಧ ಗಂಟೆ ತಾವು ಯಾರೆಂದು ಹೇಳುವುದರಲ್ಲೇ ಹೋಗುತ್ತದೆ.

ಟಿಪ್ಪಣಿ ಕೈಗೆ ಕೊಡುವ ದಿನ ಇಬ್ಬರೂ ಒಟ್ಟಿಗೆ ಕೂರಬೇಕು. ಕೀಲಿಮಣೆ ಮಾಲೀಕರ ಕೈಯಲ್ಲಿ, ಡೆವಲಪರ್ ಬರೀ ನೋಡುತ್ತಿರಬೇಕು. ಟಿಪ್ಪಣಿ ಓದಿಕೊಂಡೇ ಮಾಲೀಕರು ನಾಲ್ಕೂ ಖಾತೆಗಳಿಗೆ ಒಮ್ಮೆ ಲಾಗಿನ್ ಆಗಿ ಹೊರಬರಬೇಕು, ಒಂದು ಬ್ಯಾಕಪ್ ತೆಗೆಯಬೇಕು, 10 ರೂಪಾಯಿಯ ಆರ್ಡರ್ ಹಾಕಿ ಹಣ ವಾಪಸ್ ಮಾಡಬೇಕು. ಎಲ್ಲೆಲ್ಲಿ ಮಾಲೀಕರು ತಡೆದು ‘ಇಲ್ಲಿ ಏನು ಒತ್ತಬೇಕು?’ ಎಂದು ಕೇಳುತ್ತಾರೋ ಅಲ್ಲೆಲ್ಲ ಟಿಪ್ಪಣಿಯಲ್ಲಿ ಒಂದು ಸಾಲು ಕಡಿಮೆಯಾಗಿದೆ ಎಂದು ತಿಳಿದು ಅಲ್ಲೇ ಸೇರಿಸಬೇಕು.

ಕೊನೆಯಲ್ಲಿ ಡೆವಲಪರ್‌ನ ಸ್ವಂತ ಪ್ರವೇಶಗಳನ್ನು ಮುಚ್ಚಬೇಕು. ಪಾಸ್‌ವರ್ಡ್‌ಗಳೆಲ್ಲ ಬದಲಾಗಬೇಕು. ಗೇಟ್‌ವೇ ಮತ್ತು ಸೈಟನ್ನು ಬೆಸೆಯುವ ಗುಪ್ತ ಕೀಲಿಯನ್ನು ಹೊಸದಾಗಿ ತೆಗೆದು ಸೈಟಿನಲ್ಲಿ ಹಾಕಬೇಕು, ಹಾಕಿದ ಮೇಲೆ ಇನ್ನೊಂದು 10 ರೂಪಾಯಿಯ ಆರ್ಡರ್ ಮಾಡಿ ನೋಡಬೇಕು. ವರ್ಡ್‌ಪ್ರೆಸ್ಸಿನಲ್ಲಿ ಡೆವಲಪರ್‌ನ ಬಳಕೆದಾರ ಖಾತೆಯನ್ನು ಅಳಿಸುವಾಗ ಆತ ಸೇರಿಸಿದ್ದನ್ನೆಲ್ಲ ಏನು ಮಾಡಬೇಕೆಂದು ಪರದೆ ಕೇಳುತ್ತದೆ. ಅಲ್ಲಿ `Delete all content` ಆರಿಸಿದರೆ ಆತನ ಹೆಸರಿನಲ್ಲಿರುವ ಪುಟಗಳು ಕಸದ ಬುಟ್ಟಿಗೆ ಹೋಗುತ್ತವೆ, ಆತ ಹಾಕಿದ ಕಾಫಿ ಪೊಟ್ಟಣಗಳ ಚಿತ್ರಗಳು ಬುಟ್ಟಿಗೂ ಸಿಗದೆ ಅಳಿದುಹೋಗುತ್ತವೆ. `Attribute all content to` ಎಂಬುದನ್ನು ಆರಿಸಿ, ಅದರ ಮುಂದೆ ಮಾಲೀಕರ ಹೆಸರು ಹಾಕಿ, ಆಮೇಲೆ ಅಳಿಸಬೇಕು.